ಗಾಳಿ ಬಂದಾಗ ಇಡೀ ಮನೆಯ ಲೈಟ್ ಮಿಣುಕುತ್ತಿದೆಯೇ? ದೋಷ ಮನೆಯ ಹೊರಗೆ ಹುಡುಕಿ

ನಾನು ತೀರ್ಥಹಳ್ಳಿ ಸುತ್ತಮುತ್ತ ವೈರಿಂಗ್ ಕೆಲಸ ಮಾಡುವವನು. ಆರಿದ್ರಾ ಮಳೆ ಹಿಡಿಯಿತು ಅಂದರೆ ನನಗೆ ಬರುವ ಫೋನ್‌ಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತದೆ. "ಗಾಳಿ ಬಂದ್ರೆ ಸಾಕು ಮಾರಾಯ, ಮನೆ ತುಂಬಾ ಲೈಟ್ ಮಿಣಿಮಿಣಿ ಅಂತದೆ. ಗಾಳಿ ನಿಂತ್ರೆ ಸರಿಯಾಗ್ತದೆ." ಇಷ್ಟು ಕೇಳಿದರೆ ಸಾಕು, ದೋಷ ಎಲ್ಲಿದೆ ಎಂಬುದರ ಮುಕ್ಕಾಲು ಭಾಗ ಗೊತ್ತಾದಂತೆ. ಗಾಳಿ ಮನೆಯೊಳಗಿನ ವೈರನ್ನು ಅಲ್ಲಾಡಿಸುವುದಿಲ್ಲ. ಅದು ಅಲ್ಲಾಡಿಸುವುದು ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು. ಆ ವೈರಿಗೆ ಎರಡು ತುದಿ. ಎರಡೂ ಕಡೆ ಜಾಯಿಂಟ್ ಇರುತ್ತದೆ. ಸಡಿಲವಾಗುವುದು ಸಾಮಾನ್ಯವಾಗಿ ಆ ಜಾಯಿಂಟ್‌ಗಳಲ್ಲೇ, ಅದರಲ್ಲೂ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಸಡಿಲವಾದರೆ ಅಪಾಯ ಜಾಸ್ತಿ.

ಆದರೂ ಎಷ್ಟೋ ಮನೆಯಲ್ಲಿ ಮೊದಲು ಬಲ್ಬ್ ಬದಲಾಗುತ್ತದೆ, ಆಮೇಲೆ ಹೋಲ್ಡರ್, ಆಮೇಲೆ ಎಂಸಿಬಿ. ನನ್ನ ಚಿಕ್ಕಪ್ಪನ ಮನೆಯಲ್ಲೂ ಹಾಗೇ ಆಗಿತ್ತು. ಆಗುಂಬೆ ಕಡೆಯ ರಸ್ತೆಯಿಂದ ಒಳಗೆ, ತೋಟದ ನಡುವೆ ಇರುವ ಹೆಂಚಿನ ಮನೆ. ರಸ್ತೆ ಬದಿಯ ಕಂಬದಿಂದ ಅಡಿಕೆ ತೋಟದ ಮೇಲೆ ಹಾದು ಸುಮಾರು 40 ಮೀಟರ್ ಸರ್ವಿಸ್ ವೈರ್ ಬರುತ್ತದೆ. ನನಗೆ ಫೋನ್ ಮಾಡುವ ಹೊತ್ತಿಗೆ ಎಂಸಿಬಿ ಹೊಸದಾಗಿತ್ತು, ಮೇನ್ ಸ್ವಿಚ್ಚೂ ಹೊಸದಾಗಿತ್ತು, ಮಿಣುಕು ಮಾತ್ರ ಹಾಗೇ ಇತ್ತು. ಆ ಮನೆಯ ದೋಷವನ್ನು ಹೇಗೆ ಹಿಡಿದೆವು ಎಂಬುದನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ. ಯಾವುದು ನೀವು ಮಾಡಬಹುದು, ಯಾವುದಕ್ಕೆ ಎಲೆಕ್ಟ್ರಿಷಿಯನ್ ಬೇಕು, ಯಾವುದನ್ನು ಲೈನ್‌ಮನ್ ಬಿಟ್ಟು ಬೇರೆ ಯಾರೂ ಮುಟ್ಟಬಾರದು ಎಂಬುದನ್ನು ಅಲ್ಲಲ್ಲೇ ಹೇಳುತ್ತೇನೆ.

ಮೊದಲು: ತಡಮಾಡದೆ ಮೇನ್ ಆಫ್ ಮಾಡಬೇಕಾದ ಸಂದರ್ಭ

ಪರೀಕ್ಷೆಗೆ ಹೋಗುವ ಮುನ್ನ ಇದನ್ನು ಓದಿ. ಲೈಟ್ ಮಂದವಾಗುವುದು ಒಂದು ಥರ. ಕೆಲವು ಲೈಟ್ ಇದ್ದಕ್ಕಿದ್ದಂತೆ ಪ್ರಖರವಾಗಿ ಉರಿಯುವುದು, ಫ್ಯಾನ್ ಎಂದಿಗಿಂತ ಜೋರಾಗಿ ತಿರುಗುವುದು ಬೇರೆಯೇ ಥರ. ಹಾಗಾದರೆ ಒಂದು ಕ್ಷಣವೂ ಕಾಯದೆ ಮೇನ್ ಆಫ್ ಮಾಡಿ. ನಿಮ್ಮ ಮನೆಗೆ ಮೂರು ಫೇಸ್ ಇದ್ದು ನ್ಯೂಟ್ರಲ್ ಹೋಗಿರಬಹುದು. ಸಿಂಗಲ್ ಫೇಸ್ ಮನೆಯಾಗಿದ್ದರೆ ಕಂಬದ ಮೇಲಿನ ಲೈನಿನ ನ್ಯೂಟ್ರಲ್ಲೇ ತುಂಡಾಗಿರಬಹುದು. ಆಗ ಬೇರೆ ಬೇರೆ ಫೇಸಿನ ಮನೆಗಳ ಲೋಡು ಒಂದಕ್ಕೊಂದು ಸರಣಿಯಲ್ಲಿ ಸೇರಿಕೊಳ್ಳುತ್ತದೆ. ಹೆಚ್ಚು ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕಡಿಮೆ ಲೋಡ್ ಇರುವ ಫೇಸಿನಲ್ಲಿ 230 ಇರಬೇಕಾದ್ದು 400ರ ಹತ್ತಿರಕ್ಕೂ ಏರಬಹುದು. ಟಿವಿ, ಫ್ರಿಜ್ ಸುಡುವುದು ಹೀಗೆ.

ನಲ್ಲಿ ಮುಟ್ಟಿದರೆ, ಗ್ರೈಂಡರ್ ಮುಟ್ಟಿದರೆ ಜುಮ್ ಅಂದರೂ ಮೇನ್ ಆಫ್. ಮಾಡಿನ ಹತ್ತಿರ ಕಿಡಿ ಕಂಡರೆ ಅಥವಾ ಸುಟ್ಟ ವಾಸನೆ ಬಂದರೂ ಅಷ್ಟೇ. ಆದರೆ ಒಂದು ವಿಷಯ ನೆನಪಿರಲಿ. ಮೇನ್ ಆಫ್ ಮಾಡಿದರೆ ಲೋಡ್ ನಿಲ್ಲುತ್ತದೆ, ಜಾಯಿಂಟ್ ಬಿಸಿಯಾಗುವುದು ನಿಲ್ಲುತ್ತದೆ. ಮೀಟರಿನ ಹಿಂದಿನ ಸರ್ವಿಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನು ಆಫ್ ಮಾಡುವ ಸ್ವಿಚ್ ನಿಮ್ಮ ಕೈಯಲ್ಲಿಲ್ಲ. ವೈರ್ ತುಂಡಾಗಿ ತೋಟದಲ್ಲಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಮಕ್ಕಳನ್ನೂ ದನಗಳನ್ನೂ ದೂರ ಇಟ್ಟು ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಹಂತ 1: ನಿಜವಾಗಿ ಇಡೀ ಮನೆಯೇ ಮಿಣುಕುತ್ತಿದೆಯಾ?

ಇದು ಸುಲಭ ಅನಿಸುತ್ತದೆ, ಆದರೆ ಇಲ್ಲೇ ಜನ ದಾರಿ ತಪ್ಪುತ್ತಾರೆ. ಎರಡು ಕಾರಣ ಇದೆ.

ಮೊದಲನೆಯದು ಇನ್ವರ್ಟರ್. ಮಲೆನಾಡಿನಲ್ಲಿ ಈಗ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ಕರೆಂಟ್ ಒಂದು ಕ್ಷಣ ಕುಸಿದರೆ ಅದು ಬ್ಯಾಟರಿಗೆ ಹಾರುತ್ತದೆ, ಮತ್ತೆ ವಾಪಸ್ ಬರುತ್ತದೆ. ಹಾಗಾಗಿ ಇನ್ವರ್ಟರ್ ಲೈನಿನ ಲೈಟ್ ಮಿಣುಕದೇ ಇರಬಹುದು. ಚಿಕ್ಕಪ್ಪನ ಮನೆಯಲ್ಲಿ ಜಗಲಿ, ನಡುಮನೆಯ ಲೈಟುಗಳು ಸರಿಯಾಗಿದ್ದವು. ಅಡುಗೆಮನೆ, ಬಚ್ಚಲುಮನೆಯ ಲೈಟ್ ಮಾತ್ರ ಮಿಣುಕುತ್ತಿದ್ದವು. ಹಾಗಾಗಿ ಮೊದಲು ಬಂದವರು ದೋಷ ಹಿಂಭಾಗದ ವೈರಿಂಗಿನಲ್ಲಿದೆ ಅಂದುಕೊಂಡಿದ್ದರು. ಆದರೆ ಗಾಳಿ ಬೀಸಿದಾಗೆಲ್ಲ ಇನ್ವರ್ಟರಿನೊಳಗೆ ರಿಲೇ ಟಕ್ ಟಕ್ ಅನ್ನುತ್ತಿತ್ತು. ಚಿಕ್ಕಮ್ಮ ಅದನ್ನು ಗಮನಿಸಿದ್ದರು, ಹೇಳಿರಲಿಲ್ಲ ಅಷ್ಟೇ. ಆ ಶಬ್ದವೂ ಮಿಣುಕೇ. ಇಡೀ ಮನೆಗೆ ಬರುವ ಕರೆಂಟೇ ಅಲ್ಲಾಡುತ್ತಿದೆ ಎಂದು ಅದು ಹೇಳುತ್ತಿತ್ತು.

ಎರಡನೆಯದು ಎಲ್‌ಇಡಿ ಬಲ್ಬ್. ಒಳ್ಳೆಯ ಎಲ್‌ಇಡಿ ಬಲ್ಬಿನೊಳಗಿನ ಸರ್ಕೀಟು ವೋಲ್ಟೇಜ್ ಸಾಕಷ್ಟು ಕುಸಿದರೂ ಬೆಳಕನ್ನು ಒಂದೇ ಸಮ ಇಡುತ್ತದೆ. ಕಡಿಮೆ ಬೆಲೆಯದು ಕೂಡಲೇ ಮಿಣುಕುತ್ತದೆ. ಹಾಗಾಗಿ ಒಂದು ಕೋಣೆಯಲ್ಲಿ ಮಿಣುಕಿ ಇನ್ನೊಂದರಲ್ಲಿ ಮಿಣುಕದೇ ಇದ್ದರೆ ವೈರಿಂಗ್ ದೋಷ ಎಂದು ತೀರ್ಮಾನಿಸಬೇಡಿ. ಹಳೆಯ ತಂತಿ ಬಲ್ಬು ಮನೆಯಲ್ಲಿದ್ದರೆ ಒಂದನ್ನು ಇನ್ವರ್ಟರ್ ಇಲ್ಲದ ಲೈನಿಗೆ ಹಾಕಿಡಿ. ವೋಲ್ಟೇಜ್ ಸ್ವಲ್ಪ ಕುಸಿದರೂ ಅದರ ಬೆಳಕು ಕೆಂಪಗಾಗಿ ಕಾಣುತ್ತದೆ.

ಇನ್ನೂ ಒಳ್ಳೆಯದು ಫ್ರಿಜ್ಜಿನ ಸ್ಟೆಬಿಲೈಸರ್. ಅದರ ಮುಂದೆ ಅಂಕಿ ತೋರಿಸುವ ಪರದೆ ಇದ್ದರೆ, ಒಳಬರುವ ವೋಲ್ಟೇಜ್ ತೋರಿಸುವಂತೆ ಇಡಿ. ಗಾಳಿ ಜೋರಾದಾಗ ಅದರ ಮುಂದೆ ಮೊಬೈಲ್ ಹಿಡಿದು ಎರಡು ನಿಮಿಷ ವಿಡಿಯೋ ಮಾಡಿ. ಕಿಟಕಿಯಾಚೆ ಗಾಳಿಯ ಶಬ್ದವೂ ಅದರಲ್ಲಿ ಬರಲಿ. ಚಿಕ್ಕಪ್ಪನ ಮನೆಯಲ್ಲಿ ಅಂಕಿ 228ರಿಂದ 190ಕ್ಕೆ ಇಳಿದು, ಮತ್ತೆ ಏರಿ, ಮತ್ತೆ ಇಳಿಯುತ್ತಿತ್ತು. ಲೈನ್‌ಮನ್ ಬರುವ ದಿನ ಗಾಳಿ ಇರುವುದಿಲ್ಲ, ಅವರು ನೋಡುವಾಗ ಎಲ್ಲ ಸರಿಯಾಗೇ ಇರುತ್ತದೆ. ಆಗ ನಿಮ್ಮ ಮಾತಿಗಿಂತ ಆ ವಿಡಿಯೋ ಉಪಯೋಗಕ್ಕೆ ಬರುತ್ತದೆ.

ಹಂತ 2: ಪಕ್ಕದ ಮನೆಯವರನ್ನು ಕೇಳಿ

ನಿಮ್ಮ ಕಂಬದಿಂದಲೇ ಕರೆಂಟ್ ತೆಗೆದುಕೊಂಡ ಬೇರೆ ಮನೆ ಯಾವುದು ಎಂದು ನೋಡಿ. ಮಿಣುಕುವ ಹೊತ್ತಿನಲ್ಲೇ ಅವರಿಗೆ ಫೋನ್ ಮಾಡಿ. ಅವರಿಗೂ ಹಾಗೇ ಆಗುತ್ತಿದ್ದರೆ ದೋಷ ಕಂಬದ ಲೈನಿನಲ್ಲಿ ಅಥವಾ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ ಇದೆ. ಬಿದಿರು ಮೆಳೆ ಲೈನಿಗೆ ತಾಗುತ್ತಿರಬಹುದು, ಎರಡು ತಂತಿ ಒಂದಕ್ಕೊಂದು ತಾಗುತ್ತಿರಬಹುದು. ಅವರಿಗೆ ಏನೂ ಇಲ್ಲ, ನಿಮಗೆ ಮಾತ್ರ ಅಂದರೆ ದೋಷ ನಿಮ್ಮ ಸರ್ವಿಸ್ ವೈರಿನ ಎರಡು ತುದಿಗಳ ನಡುವೆ ಎಲ್ಲೋ ಇದೆ. ಒಂದು ಎಚ್ಚರಿಕೆ ಬೇಕು: ಪಕ್ಕದವರದು ಬೇರೆ ಫೇಸ್ ಆಗಿರಬಹುದು. ಆಗ ನಿಮ್ಮ ಫೇಸಿನ ಲೈನ್ ದೋಷ ಅವರಿಗೆ ಕಾಣುವುದಿಲ್ಲ. ಸಾಧ್ಯವಾದರೆ ಎರಡು ಮೂರು ಮನೆ ಕೇಳಿ.

ಗಾಳಿ ಇಲ್ಲದಾಗಲೂ, ದಿನದ ಒಂದೇ ಹೊತ್ತಿಗೆ ಮಂದವಾದರೆ ಅದು ಬೇರೆ ಕಥೆ. ಯಾರದೋ ಪಂಪ್‌ಸೆಟ್ ಶುರುವಾಗುತ್ತಿರುತ್ತದೆ.

ಹಂತ 3: ನೆಲದ ಮೇಲೆ ನಿಂತು ನೋಡಿ

ಬಿಸಿಲಿರುವಾಗ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಹಗಲಲ್ಲಿ ಮೊಬೈಲಿನ ಕ್ಯಾಮೆರಾ ಜೂಮ್ ಮಾಡಿ ಮೂರು ಜಾಗ ನೋಡಿ. ಒಂದು, ವೈರ್ ಮನೆಯ ಮಾಡಿನ ಹತ್ತಿರ ಬಂದು ಮೀಟರ್ ಬೋರ್ಡಿನ ವೈರಿಗೆ ಸೇರುವ ಜಾಗ. ಎರಡು, ಕಂಬದ ಮೇಲೆ ಲೈನಿಗೆ ಸೇರುವ ಜಾಗ. ಮೂರು, ವೈರಿನ ದಾರಿಯಲ್ಲಿ ಮರದ ಟೊಂಗೆ, ಅಡಿಕೆ ಸೋಗೆ ಉಜ್ಜುವ ಜಾಗ.

ಜಾಯಿಂಟ್ ಕೆಟ್ಟಿದ್ದರೆ ಗುರುತು ಸಿಗುತ್ತದೆ. ಟೇಪ್ ಕರಗಿ ಜೋತಾಡುತ್ತಿರುತ್ತದೆ, ವೈರಿನ ಮೇಲ್ಪದರ ಕಪ್ಪಾಗಿ ಬಿರುಕು ಬಿಟ್ಟಿರುತ್ತದೆ, ಹತ್ತಿರದ ಗೋಡೆಗೆ ಹೊಗೆ ಹಿಡಿದ ಕಲೆ ಇರುತ್ತದೆ. ಇನ್ನೊಂದನ್ನು ನೋಡಿ. ಸರ್ವಿಸ್ ವೈರನ್ನು ಹೊರುವುದು ಅದರ ಜೊತೆಗಿರುವ ಜಿಐ ತಂತಿ. ಭಾರವೆಲ್ಲ ಆ ತಂತಿಯ ಮೇಲೆ ಇರಬೇಕು. ಅದು ತುಕ್ಕು ಹಿಡಿದು ತುಂಡಾಗಿದ್ದರೆ ಅಥವಾ ಸಡಿಲವಾಗಿದ್ದರೆ, ಗಾಳಿಯ ಎಳೆತವೆಲ್ಲ ಜಾಯಿಂಟಿನ ಮೇಲೆ ಬೀಳುತ್ತದೆ. ವೈರ್ ಎಂದಿಗಿಂತ ಕೆಳಗೆ ಜೋತುಬಿದ್ದಿದೆ ಅನಿಸಿದರೆ ಇದೇ ಕಾರಣ ಇರಬಹುದು.

ರಾತ್ರಿ, ಗಾಳಿ ಬೀಸುವಾಗ, ಮನೆಯ ಹೊರಗಿನ ಲೈಟ್ ಆರಿಸಿ ದೂರದಿಂದ ನೋಡಿದರೆ ಜಾಯಿಂಟಿನಲ್ಲಿ ಸಣ್ಣ ನೀಲಿ ಕಿಡಿ ಕಾಣಬಹುದು. ಹಳೆಯ ಮೀಡಿಯಂ ವೇವ್ ರೇಡಿಯೋ ಇರುವ ಮನೆಯಲ್ಲಿ ಕಿಡಿ ಹಾರಿದಾಗೆಲ್ಲ ರೇಡಿಯೋ ಕರಕರ ಅನ್ನುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದೋಟಿ ತಂದು ವೈರನ್ನು ಅಲ್ಲಾಡಿಸಿ ನೋಡುವ ಅಭ್ಯಾಸ ನಮ್ಮ ಕಡೆ ಇದೆ. ಮಾಡಲೇಬೇಡಿ. ಈಗ ಅಡಿಕೆ ಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿ, ಏಣಿಯಲ್ಲಿ ಹರಿಯುವುದು ಗೊತ್ತೇ ಇದೆ. ಮಳೆಗಾಲದಲ್ಲಿ ಒದ್ದೆಯಾದ ಬಿದಿರಿನ ಗಳವನ್ನೂ ನಂಬುವ ಹಾಗಿಲ್ಲ.

ಹಂತ 4: ಲೋಡ್ ಹಾಕಿ ಅಳೆಯುವುದು

ಇದು ಇಡೀ ಕೆಲಸದ ಮುಖ್ಯ ಭಾಗ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಪಕ್ಕದಲ್ಲಿ ನಿಂತು ಅಂಕಿ ನೀವೇ ಬರೆದುಕೊಳ್ಳಿ. ಮಲ್ಟಿಮೀಟರಿನ ಕೆಂಪು ವೈರನ್ನು ಆಂಪಿಯರ್ ತೂತಿಗೆ ಹಾಕಿಟ್ಟು ಪ್ಲಗ್ ಪಾಯಿಂಟಿಗೆ ಚುಚ್ಚಿದರೆ ಮೀಟರ್ ಕೈಯಲ್ಲೇ ಸಿಡಿಯಬಹುದು. ಗೊತ್ತಿಲ್ಲದವರಿಗೆ ಬೇಡ ಅನ್ನುವುದು ಅದಕ್ಕೇ.

ಸಡಿಲ ಜಾಯಿಂಟ್ ಅಂದರೆ ದಾರಿಯಲ್ಲಿ ಒಂದು ಬೇಡದ ಅಡ್ಡಿ. ಕರೆಂಟ್ ಹರಿಯದಿದ್ದರೆ ಆ ಅಡ್ಡಿ ಕಾಣುವುದಿಲ್ಲ, ಮೀಟರ್ 230 ಅಂತಲೇ ತೋರಿಸುತ್ತದೆ. ಲೋಡ್ ಹಾಕಿದರೆ ಮಾತ್ರ ಅಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ. ಆದ್ದರಿಂದ ಒಂದು ಗೊತ್ತಿರುವ ಲೋಡ್ ಬೇಕು. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಸಾಕು, ಅದು ಸುಮಾರು 4 ಆಂಪಿಯರ್ ಎಳೆಯುತ್ತದೆ. ಬಿಸಿ ಪೂರ್ತಿ ಇಡಿ, ಅದರ ದೀಪದ ಮೇಲೆ ಕಣ್ಣಿರಲಿ. ಬಿಸಿಯಾದಾಗ ಅದು ತಾನೇ ಆಫ್ ಆಗುತ್ತದೆ, ಆಗ ಅಂಕಿ ಹಾರುತ್ತದೆ, ಅದನ್ನು ದೋಷ ಅಂದುಕೊಳ್ಳಬೇಡಿ. ನೀರು ತುಂಬಿದ ಕೆಟಲ್ ಇದ್ದರೆ ನೀರು ಕುದಿಯುವವರೆಗೆ ಈ ತೊಂದರೆ ಇಲ್ಲ.

ಇಸ್ತ್ರಿ ಪೆಟ್ಟಿಗೆ ಹಾಕಿದ ಪ್ಲಗ್ಗಿನಲ್ಲೇ ಅಳೆಯಬೇಡಿ. ಬೇರೆ ಸರ್ಕೀಟಿನ, ಮೇನ್ ಬೋರ್ಡಿಗೆ ಹತ್ತಿರವಾದ ಪ್ಲಗ್ಗಿನಲ್ಲಿ ಅಳೆಯಿರಿ. ಇನ್ವರ್ಟರ್ ಲೈನ್ ಬೇಡ. ಹೀಗೆ ಮಾಡಿದರೆ ಇಸ್ತ್ರಿ ಪೆಟ್ಟಿಗೆಯ ಕೋಣೆಯ ವೈರಿಂಗ್ ಲೆಕ್ಕಕ್ಕೆ ಬರುವುದಿಲ್ಲ, ಇಡೀ ಮನೆಗೆ ಒಂದೇ ಆದ ದಾರಿ ಮಾತ್ರ ಕಾಣುತ್ತದೆ.

ಮೂರು ಅಳತೆ ಬೇಕು: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥಿಂಗ್ ನಡುವೆ, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ. ಚಿಕ್ಕಪ್ಪನ ಮನೆಯಲ್ಲಿ ಸಿಕ್ಕಿದ್ದು ಇದು:

- ಲೋಡ್ ಇಲ್ಲದೆ: ಫೇಸ್–ನ್ಯೂಟ್ರಲ್ 231, ಫೇಸ್–ಅರ್ಥಿಂಗ್ 232, ನ್ಯೂಟ್ರಲ್–ಅರ್ಥಿಂಗ್ 1.
- ಲೋಡ್ ಹಾಕಿ, ಗಾಳಿ ನಿಂತಾಗ: 226, 229, 3.
- ಲೋಡ್ ಹಾಕಿ, ಗಾಳಿ ಬೀಸಿದಾಗ: 204, 229, 25.

ಎರಡನೇ ಸಾಲಿನಲ್ಲಿ 5 ವೋಲ್ಟ್ ಇಳಿದಿದೆ. ಅದು ಸಹಜ. 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ವೈರ್ 40 ಮೀಟರ್ ಹೋಗಿ 40 ಮೀಟರ್ ವಾಪಸ್ ಬರುವಾಗ, ಈ ಲೋಡಿಗೆ ಎರಡೂವರೆ ವೋಲ್ಟ್ ಹೇಗೂ ಕಳೆಯುತ್ತದೆ. ಉಳಿದದ್ದು ಕಂಬದ ಲೈನಿನಲ್ಲಿ.

ಮೂರನೇ ಸಾಲು ನೋಡಿ. ಫೇಸ್–ಅರ್ಥಿಂಗ್ ಅಲ್ಲಾಡಲಿಲ್ಲ, 229ರಲ್ಲೇ ನಿಂತಿತು. ಅಂದರೆ ಫೇಸ್ ವೈರ್ ಚೆನ್ನಾಗಿದೆ. ನ್ಯೂಟ್ರಲ್–ಅರ್ಥಿಂಗ್ ಮಾತ್ರ 3ರಿಂದ 25ಕ್ಕೆ ಏರಿತು. ಮನೆಯೊಳಗಿನ ನ್ಯೂಟ್ರಲ್ ನೆಲದಿಂದ ಮೇಲೆದ್ದಿದೆ. ಅಂದರೆ ನ್ಯೂಟ್ರಲ್ ವಾಪಸ್ ಹೋಗುವ ದಾರಿಯಲ್ಲಿ 22 ವೋಲ್ಟ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ. 22 ವೋಲ್ಟ್, ಸುಮಾರು 4 ಆಂಪಿಯರ್. ಎರಡನ್ನೂ ಗುಣಿಸಿದರೆ 80 ವ್ಯಾಟಿನ ಮೇಲೆ. ಕಡಲೆಬೀಜದಷ್ಟು ದೊಡ್ಡ ಜಾಗದಲ್ಲಿ ಅಷ್ಟು ಬಿಸಿ. ಅದೂ ಒಣಗಿದ ಮರದ ಪಕಾಸಿಯ ಪಕ್ಕ. ಹೆಂಚಿನ ಮನೆಯವರು ಇದನ್ನು ನಾಳೆ ನೋಡೋಣ ಅನ್ನಬಾರದು.

ಒಂದು ವೇಳೆ ಫೇಸ್–ಅರ್ಥಿಂಗ್ ಅಂಕಿ ಕುಸಿದು, ನ್ಯೂಟ್ರಲ್–ಅರ್ಥಿಂಗ್ ಸುಮ್ನೆ ಇದ್ದರೆ ಸಡಿಲವಾಗಿರುವುದು ಫೇಸ್ ಜಾಯಿಂಟ್. ಈ ಪರೀಕ್ಷೆಗೆ ಮನೆಯ ಅರ್ಥಿಂಗ್ ಗುಂಡಿ ಸರಿಯಾಗಿರಬೇಕು. ಲೋಡ್ ಇಲ್ಲದಾಗಲೇ ಫೇಸ್–ಅರ್ಥಿಂಗ್ 230ರ ಹತ್ತಿರ ಬಾರದೆ ಎಲ್ಲೋ ನಿಂತರೆ ಅರ್ಥಿಂಗ್ ಕೆಟ್ಟಿದೆ. ಆಗ ಈ ಅಂಕಿಗಳನ್ನು ನಂಬಬೇಡಿ, ಮೊದಲು ಅರ್ಥಿಂಗ್ ಸರಿ ಮಾಡಿಸಿ.

ಗಾಳಿ ಇಲ್ಲದ ದಿನ ಏನು ಮಾಡುವುದು? ಲೋಡನ್ನು ಹತ್ತು ನಿಮಿಷ ಹಾಗೇ ಬಿಟ್ಟು ನೋಡಿ. ಒಳ್ಳೆಯ ಜಾಯಿಂಟಿನಲ್ಲಿ ಅಂಕಿ ಹೆಚ್ಚು ಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಕೆಟ್ಟ ಜಾಯಿಂಟ್ ಬಿಸಿಯಾಗುತ್ತಾ ನ್ಯೂಟ್ರಲ್–ಅರ್ಥಿಂಗ್ ಮೆಲ್ಲಗೆ ಏರುತ್ತಾ ಹೋಗುತ್ತದೆ, ಕೆಲವೊಮ್ಮೆ ಥಟ್ಟನೆ ಹಾರುತ್ತದೆ. ಪಕ್ಕದ ಪಂಪ್ ಶುರುವಾದರೂ ಅಂಕಿ ಬದಲಾಗುತ್ತದೆ, ಹಾಗಾಗಿ ಒಂದು ಸಲ ನೋಡಿ ನಿರ್ಧರಿಸಬೇಡಿ.

ಮಲ್ಟಿಮೀಟರ್ ಇಲ್ಲದ ಮನೆಯವರಿಗೆ ಟೆಸ್ಟರಿನಿಂದ ತಿಳಿಯುವುದು ಒಂದೇ ವಿಷಯ. ಲೈಟ್ ಪೂರ್ತಿ ಆರಿದೆ, ಆದರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತಿದೆ ಅಂದರೆ ನ್ಯೂಟ್ರಲ್ ಪೂರ್ತಿ ಬಿಟ್ಟಿದೆ. ಆನ್ ಇರುವ ಬಲ್ಬಿನ ಮೂಲಕ ಫೇಸಿನ ಕರೆಂಟ್ ನ್ಯೂಟ್ರಲ್ ವೈರಿಗೂ ಬಂದು ನಿಂತಿರುತ್ತದೆ. ಕರೆಂಟ್ ಇಲ್ಲ ಅಂದುಕೊಂಡು ಅದನ್ನು ಮುಟ್ಟಿದರೆ 230 ವೋಲ್ಟ್.

ಹಂತ 5: ದೋಷ ಮೀಟರಿನ ಆಚೆಯೋ ಈಚೆಯೋ

ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ಚಿನಲ್ಲಿ, ಮೀಟರಿನಿಂದ ವೈರ್ ಬಂದು ಸೇರುವ ಬದಿಯಲ್ಲೇ ಲೋಡ್ ಹಾಕಿ ನ್ಯೂಟ್ರಲ್–ಅರ್ಥಿಂಗ್ ಅಳೆಯಬೇಕು. ಅಲ್ಲಿ 3 ಇದ್ದು, ಒಳಗಿನ ಪ್ಲಗ್ಗಿನಲ್ಲಿ 25 ಇದ್ದರೆ ದೋಷ ಮನೆಯ ಒಳಗೆ, ಹೆಚ್ಚಾಗಿ ಮೇನ್ ಸ್ವಿಚ್ಚಿನ ನ್ಯೂಟ್ರಲ್ ಲಿಂಕಿನ ಸ್ಕ್ರೂ ಸಡಿಲವಾಗಿರುತ್ತದೆ. ಅದು ನಿಮ್ಮ ಖರ್ಚು, ನಿಮ್ಮ ಎಲೆಕ್ಟ್ರಿಷಿಯನ್ ಕೆಲಸ. ಅಂಥ ದೋಷ ಗಾಳಿಗಿಂತ ಜಾಸ್ತಿ ಲೋಡಿಗೆ ಮಿಣುಕುತ್ತದೆ.

ಮೇನ್ ಸ್ವಿಚ್ಚಿಗೆ ಬರುವಾಗಲೇ 25 ಇದ್ದರೆ ದೋಷ ಅದರ ಹಿಂದೆ ಇದೆ. ಚಿಕ್ಕಪ್ಪನ ಮನೆಯಲ್ಲಿ ಹೀಗೇ ಇತ್ತು. ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬರುವ ತುಂಡು ವೈರನ್ನೂ ಅದರ ಸ್ಕ್ರೂಗಳನ್ನೂ ನೋಡಿಬಿಡಿ. ಅಲ್ಲಿಂದ ಹಿಂದಕ್ಕೆ ಮೀಟರ್, ಫ್ಯೂಸ್ ಕಟೌಟ್, ಸರ್ವಿಸ್ ವೈರ್, ಕಂಬ. ಅದು ವಿದ್ಯುತ್ ಕಂಪನಿಯವರ ಜಾಗ. ಮೀಟರಿನ ಸೀಲ್ ಒಡೆಯುವುದು ಅಪರಾಧ. ನಾನು ಈ ಕೆಲಸ ಮಾಡುವವನೇ ಆದರೂ ಅಲ್ಲಿಗೆ ಕೈ ಹಾಕುವುದಿಲ್ಲ, ಏಕೆಂದರೆ ಆ ವೈರಿನ ಕರೆಂಟ್ ತೆಗೆಯಲು ಕಂಬದಲ್ಲೇ ತೆಗೆಯಬೇಕು.

ಹಂತ 6: ಲೈನ್‌ಮನ್ ಬರುವವರೆಗೆ

ಫ್ರಿಜ್, ಟಿವಿ, ವಾಷಿಂಗ್ ಮಷಿನ್, ಪಂಪ್ ಆಫ್ ಮಾಡಿ ಪ್ಲಗ್ ತೆಗೆದಿಡಿ. ಗೀಸರ್, ಇಸ್ತ್ರಿ ಪೆಟ್ಟಿಗೆಯಂಥ ದೊಡ್ಡ ಲೋಡ್ ಬೇಡ. ಎರಡು ಮೂರು ಲೈಟ್ ಸಾಕು. ಲೋಡ್ ಅರ್ಧವಾದರೆ ಜಾಯಿಂಟಿನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ರಾತ್ರಿ ಮಲಗುವಾಗ ಮೇನ್ ಆಫ್ ಮಾಡಿ ಇನ್ವರ್ಟರಿನಲ್ಲಿ ಕಳೆಯಿರಿ.

ಇದೇ ಹೊತ್ತಿನಲ್ಲಿ ಯಾರಾದರೂ ಒಂದು ಉಪಾಯ ಹೇಳಿಯೇ ಹೇಳುತ್ತಾರೆ. "ನ್ಯೂಟ್ರಲ್ ಸರಿಯಿಲ್ಲ ಅಲ್ವಾ, ಅರ್ಥಿಂಗ್ ವೈರಿಗೆ ಸೇರಿಸಿಬಿಡು, ಲೈಟ್ ಉರೀತದೆ." ಉರಿಯುತ್ತದೆ, ನಿಜ. ಆದರೆ ಮನೆಯ ಎಲ್ಲ ಕರೆಂಟೂ ಅರ್ಥಿಂಗ್ ಗುಂಡಿಯ ಮೂಲಕ ಹೋಗಬೇಕಾಗುತ್ತದೆ. ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದೆ ಅಂದುಕೊಳ್ಳಿ. ಅದೇ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಅರ್ಥಿಂಗ್ ವೈರಿನಲ್ಲಿ 60 ವೋಲ್ಟಿನ ಮೇಲೆ ನಿಲ್ಲುತ್ತದೆ. ಅರ್ಥಿಂಗ್ ವೈರ್ ಸೇರಿರುವುದು ಫ್ರಿಜ್ಜಿನ ಮೈಗೆ, ಗ್ರೈಂಡರಿನ ಮೈಗೆ, ಗೀಸರಿನ ಮೈಗೆ, ಅದರ ಪೈಪಿಗೆ. ಬಚ್ಚಲಲ್ಲಿ ಒದ್ದೆ ಕಾಲಲ್ಲಿ ನಿಂತವರಿಗೆ ಅಷ್ಟು ಸಾಕು ಪ್ರಾಣ ಹೋಗಲು. ಈ ಉಪಾಯ ಮಾಡಿರುವ ಮನೆ ನಿಮ್ಮದಾಗಿದ್ದರೆ ಇವತ್ತೇ ಬಿಚ್ಚಿಸಿ.

ಹಂತ 7: ದೂರು ಕೊಡುವ ಮಾತು

"ಕರೆಂಟ್ ಸರಿಯಿಲ್ಲ" ಎಂದು ದೂರು ಬರೆಸಿದರೆ ಮಳೆಗಾಲದಲ್ಲಿ ಅದು ನೂರು ದೂರಿನ ನಡುವೆ ಒಂದು ಆಗುತ್ತದೆ. 1912ಕ್ಕೆ ಫೋನ್ ಮಾಡಿ, ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹೇಳಿ, ಹೀಗೆ ಬರೆಸಿ: "ಸರ್ವಿಸ್ ವೈರಿನ ನ್ಯೂಟ್ರಲ್ ಜಾಯಿಂಟ್ ಸಡಿಲ ಇದೆ. ಗಾಳಿಗೆ ಇಡೀ ಮನೆ ಮಿಣುಕುತ್ತದೆ, ಪಕ್ಕದ ಮನೆಗೆ ಇಲ್ಲ. ಲೋಡ್ ಹಾಕಿದರೆ ನ್ಯೂಟ್ರಲ್–ಅರ್ಥಿಂಗ್ 25 ವೋಲ್ಟ್ ಬರುತ್ತದೆ. ಜಾಯಿಂಟ್ ಬಿಸಿಯಾಗಿ ಕಪ್ಪಾಗಿದೆ." ಕಿಡಿ ಕಂಡಿದ್ದರೆ ಅದನ್ನು ಮೊದಲು ಹೇಳಿ. ದೂರಿನ ನಂಬರ್ ಬರೆದುಕೊಳ್ಳಿ. ಕಂಬದ ಮೇಲೆ ನಂಬರ್ ಇದ್ದರೆ, ನಿಮ್ಮ ಟಿಸಿ ಯಾವುದು ಎಂದು ಗೊತ್ತಿದ್ದರೆ ಅದನ್ನೂ ಹೇಳಿ. ಸೆಕ್ಷನ್ ಆಫೀಸಿನ ನಂಬರ್ ಇದ್ದರೆ ವಿಡಿಯೋವನ್ನು ಅವರಿಗೆ ಕಳಿಸಿ. ಏನು ಸಾಮಾನು ತರಬೇಕು ಎಂದು ಅವರಿಗೆ ಗೊತ್ತಾದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ.

ಹಂತ 8: ಸರಿಯಾದ ರಿಪೇರಿ ಹೇಗಿರುತ್ತದೆ

ಚಿಕ್ಕಪ್ಪನ ಮನೆಗೆ ಲೈನ್‌ಮನ್ ಮರುದಿನ ಬಂದರು. ಲೈನಿನ ಕರೆಂಟ್ ನಿಲ್ಲಿಸಿ ಕೆಲಸ ಮಾಡಲು ಲೈನ್ ಕ್ಲಿಯರ್ ತೆಗೆದುಕೊಂಡು, ಕರೆಂಟ್ ಇಲ್ಲ ಎಂದು ಪರೀಕ್ಷೆ ಮಾಡಿ, ಮಾಡಿನ ಕೆಳಗಿನ ಟೇಪ್ ಬಿಚ್ಚಿದರು. ಸರ್ವಿಸ್ ವೈರ್ ಅಲ್ಯೂಮಿನಿಯಂ, ಮೀಟರಿನಿಂದ ಬಂದ ವೈರ್ ತಾಮ್ರ. ಎಂದೋ ಯಾರೋ ಎರಡನ್ನೂ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ನ್ಯೂಟ್ರಲ್ ಜಾಯಿಂಟಿನಲ್ಲಿ ಅಲ್ಯೂಮಿನಿಯಂ ಕಂಬಿ ಅರ್ಧಕ್ಕರ್ಧ ತಿಂದುಹೋಗಿತ್ತು. ಸುತ್ತ ಬಿಳಿ ಪುಡಿ. ಫೇಸ್ ಜಾಯಿಂಟಿನಲ್ಲೂ ಪುಡಿ ಶುರುವಾಗಿತ್ತು.

ಹೀಗೇಕೆ ಆಗುತ್ತದೆ ಎಂದು ತಿಳಿದರೆ ರಿಪೇರಿ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ಗಾಳಿ ತಾಗಿದ ಅಲ್ಯೂಮಿನಿಯಂ ಮೇಲೆ ಕೂಡಲೇ ತೆಳುವಾದ ಪೊರೆ ಕೂರುತ್ತದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ತಾಮ್ರ ಮತ್ತು ಅಲ್ಯೂಮಿನಿಯಂ ತಾಗಿರುವ ಕಡೆ ನೀರು ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಜಾಯಿಂಟ್ ಒಣಗುವುದೇ ಇಲ್ಲ. ಮೇಲಿಂದ, ಒತ್ತಿಟ್ಟ ಅಲ್ಯೂಮಿನಿಯಂ ವರ್ಷ ಕಳೆದಂತೆ ಮೆತ್ತಗೆ ಹರಡಿಕೊಂಡು ಹಿಡಿತ ಸಡಿಲವಾಗುತ್ತದೆ. ಕೊನೆಗೆ ಗಾಳಿ ಅದನ್ನು ಅಲ್ಲಾಡಿಸುತ್ತದೆ.

ಹಾಗಾಗಿ ಅದೇ ವೈರನ್ನು ಮತ್ತೆ ತಿರುಚಿ ಹೊಸ ಟೇಪ್ ಸುತ್ತಿದರೆ ಪುಷ್ಯ ಮಳೆಯ ಹೊತ್ತಿಗೆ ಮಿಣುಕು ವಾಪಸ್ ಬರುತ್ತದೆ. ಸುಟ್ಟ ಭಾಗವನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಬೇಕು. ಅಲ್ಯೂಮಿನಿಯಂಗೂ ತಾಮ್ರಕ್ಕೂ ಎರಡಕ್ಕೂ ಹೊಂದುವ ಬೈಮೆಟಲ್ ಕನೆಕ್ಟರ್ ಹಾಕಿ ಗಟ್ಟಿಯಾಗಿ ಒತ್ತಬೇಕು. ಅವತ್ತು ಹಾಗೇ ಮಾಡಿದರು, ಸುಮಾರು ಒಂದು ಗೇಣು ವೈರ್ ಹೋಯಿತು. ಫೇಸನ್ನೂ ಬಿಡಬೇಡಿ, ಎರಡನ್ನೂ ಮಾಡಿ ಎಂದು ಕೇಳಿಕೊಂಡೆವು, ಮಾಡಿಕೊಟ್ಟರು. ಎರಡು ಜಾಯಿಂಟ್ ಅಕ್ಕಪಕ್ಕ ಬಾರದೆ ಹಿಂದೆ ಮುಂದೆ ಇರಬೇಕು. ಟೇಪ್ ಬಿಟ್ಟುಹೋದರೂ ಒಂದಕ್ಕೊಂದು ತಾಗಬಾರದು.

ಕಂಬದ ತುದಿಯನ್ನೂ ನೋಡಲು ಹೇಳಿ. ಅಲ್ಲಿ ವೈರನ್ನು ಲೈನಿಗೆ ಸುತ್ತಿ ಬಿಟ್ಟಿದ್ದರೆ ಕ್ಲಾಂಪ್ ಹಾಕಿಕೊಡಲು ಕೇಳಿ. ಬಂಚ್ ಕೇಬಲ್ ಇರುವ ಊರಿನಲ್ಲಿ ಅದಕ್ಕೇ ಆದ, ಮೇಲ್ಪದರ ಚುಚ್ಚಿ ಹಿಡಿಯುವ ಕನೆಕ್ಟರ್ ಬರುತ್ತದೆ. ಜಿಐ ತಂತಿಯನ್ನು ಬಿಗಿ ಮಾಡಿ ಭಾರ ಅದರ ಮೇಲೆ ಬರುವಂತೆ ಮಾಡಿದ ಮೇಲೆ, ಜಾಯಿಂಟಿನ ಹತ್ತಿರ ವೈರ್ ಸ್ವಲ್ಪ ಸಡಿಲವಾಗಿ ಕೆಳಕ್ಕೆ ಬಾಗಿರಬೇಕು. ಗಾಳಿಯ ಎಳೆತ ಜಾಯಿಂಟಿಗೆ ತಲುಪುವುದಿಲ್ಲ, ವೈರಿನ ಮೇಲೆ ಹರಿದು ಬಂದ ಮಳೆ ನೀರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಮೀಟರ್ ಪೆಟ್ಟಿಗೆಗೆ ಇಳಿಯುವುದಿಲ್ಲ. ವೈರಿಗೆ ಉಜ್ಜುವ ಟೊಂಗೆಗಳನ್ನು ಕರೆಂಟ್ ತೆಗೆದಿರುವ ಅದೇ ಹೊತ್ತಿನಲ್ಲಿ, ಲೈನ್‌ಮನ್ ಎದುರಿಗೇ ಕಡಿಸಿಬಿಡಿ.

ಹಂತ 9: ಮತ್ತೆ ಅಳೆಯಿರಿ

ಲೈನ್‌ಮನ್ ಹೊರಡುವ ಮುಂಚೆ ಅದೇ ಪ್ಲಗ್, ಅದೇ ಇಸ್ತ್ರಿ ಪೆಟ್ಟಿಗೆ, ಅದೇ ಮೂರು ಅಳತೆ. ನಮಗೆ ಸಿಕ್ಕಿದ್ದು 227, 229, 2. ಹತ್ತು ನಿಮಿಷ ಬಿಟ್ಟು ನೋಡಿದರೂ ಅಲ್ಲೇ ಇತ್ತು. ಎರಡು ದಿನ ಬಿಟ್ಟು ರಾತ್ರಿ ಜೋರು ಗಾಳಿ ಬಂತು. ಚಿಕ್ಕಮ್ಮ ಸ್ಟೆಬಿಲೈಸರ್ ಮುಂದೆ ಕೂತು ನೋಡಿ ಫೋನ್ ಮಾಡಿದರು. ಅಂಕಿ 226, 227ರಲ್ಲೇ ಇತ್ತು, ಇನ್ವರ್ಟರ್ ಟಕ್ ಅನ್ನಲಿಲ್ಲ.

ಆ ಮೂರು ಅಂಕಿಯನ್ನೂ ತಾರೀಕನ್ನೂ ಮೇನ್ ಸ್ವಿಚ್ಚಿನ ಪಕ್ಕದ ಗೋಡೆಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟು ಬಂದೆ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಅದೇ ಇಸ್ತ್ರಿ ಪೆಟ್ಟಿಗೆ ಹಾಕಿ ಅಳೆದು ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇವೆ. ನ್ಯೂಟ್ರಲ್–ಅರ್ಥಿಂಗ್ 2 ಇದ್ದದ್ದು 6, 7ಕ್ಕೆ ಏರಿದರೆ, ಗಾಳಿಗೆ ಮಿಣುಕುವವರೆಗೆ ಕಾಯದೆ ಅವತ್ತೇ 1912ಕ್ಕೆ ಫೋನ್ ಮಾಡಬೇಕು ಎಂದು ಚಿಕ್ಕಪ್ಪನಿಗೆ ಹೇಳಿದ್ದೇನೆ.